‘ನಿರ್ಜಲೀಕರಣ’ ಅಂದರೆ ಅಜ್ಜಿಗೆ ಗೊತ್ತಾ? ಭೇದಿ, ಓಆರ್‌ಎಸ್ ಮೆಸೇಜನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯುವುದು ಹೇಗೆ?

ಹರಿಹರದಲ್ಲಿ ತುಂಗಭದ್ರೆಗೆ ಹೊಸ ನೀರು ಬಂದು ಹೊಳೆ ಕೆಂಪಾಗುವ ಹೊತ್ತಿಗೆ ಮನೆಗಳಲ್ಲಿ ವಾಂತಿ-ಭೇದಿಯ ಮಾತೂ ಶುರುವಾಗುತ್ತದೆ. ಅದರ ಜೊತೆಗೇ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮೆಸೇಜುಗಳು ಓಡಾಡುತ್ತವೆ. ಅವುಗಳಲ್ಲಿ ಎರಡು ಬಗೆಯನ್ನು ಪಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಹೀಗಿರುತ್ತದೆ: “ಮಗುವಿಗೆ ಭೇದಿ ಆಗ್ತಿದ್ರೆ ನೀರು ಕೊಡಬೇಡಿ, ನೀರು ಕೊಟ್ಟಷ್ಟೂ ಭೇದಿ ಜಾಸ್ತಿ ಆಗುತ್ತೆ.” ಇದು ಸುಳ್ಳು. ಸುಳ್ಳು ಮಾತ್ರವಲ್ಲ, ಮಗುವಿನ ಜೀವಕ್ಕೇ ಅಪಾಯ. ಆದರೆ ಒಂದೇ ಸಲ ಓದಿದರೂ ಅರ್ಥವಾಗುತ್ತದೆ, ಓದಿದವರಿಗೆ ಏನು ಮಾಡಬೇಕೆಂದು ಗೊತ್ತಾಗುತ್ತದೆ.

ಎರಡನೆಯದು ಸರಿಯಾದ ಮಾಹಿತಿ ಇರುವ ಮೆಸೇಜು. ಕರಪತ್ರಗಳಲ್ಲಿ, ಪ್ರಕಟಣೆಗಳಲ್ಲಿ ನಾವು ನೋಡುವ ಧಾಟಿಯಲ್ಲಿ ಒಂದು ಮಾದರಿಯನ್ನು ಈ ಲೇಖನಕ್ಕಾಗಿಯೇ ಬರೆದಿದ್ದೇವೆ:

“ಅತಿಸಾರದಿಂದ ಬಳಲುತ್ತಿರುವ ಶಿಶುಗಳಲ್ಲಿ ನಿರ್ಜಲೀಕರಣವನ್ನು ತಡೆಗಟ್ಟುವ ನಿಟ್ಟಿನಲ್ಲಿ ಮೌಖಿಕ ಪುನರ್ಜಲೀಕರಣ ಲವಣವನ್ನು ಶುದ್ಧೀಕರಿಸಿದ ಜಲದೊಂದಿಗೆ ಸೂಕ್ತ ಪ್ರಮಾಣದಲ್ಲಿ ಮಿಶ್ರಣಗೊಳಿಸಿ ಆಗಾಗ್ಗೆ ಸೇವನೆಗೆ ನೀಡತಕ್ಕದ್ದು. ಸ್ತನ್ಯಪಾನವನ್ನು ಸ್ಥಗಿತಗೊಳಿಸಬಾರದು. ಆಲಸ್ಯ, ನೇತ್ರಗಳ ಒಳಸೇರುವಿಕೆ, ಚರ್ಮದ ಸ್ಥಿತಿಸ್ಥಾಪಕತ್ವದಲ್ಲಿ ಕುಸಿತ, ಮೂತ್ರ ವಿಸರ್ಜನೆಯಲ್ಲಿ ಇಳಿಮುಖ ಮುಂತಾದ ಲಕ್ಷಣಗಳು ಗೋಚರಿಸಿದಲ್ಲಿ ಅವಿಳಂಬವಾಗಿ ಸಮೀಪದ ಆರೋಗ್ಯ ಕೇಂದ್ರವನ್ನು ಸಂಪರ್ಕಿಸತಕ್ಕದ್ದು.”

ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ಅಪ್ಪ-ಅಮ್ಮ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಮೊಮ್ಮಗುವನ್ನು ನೋಡಿಕೊಳ್ಳುವ ಅಜ್ಜಿ ಇದನ್ನು ಓದಿದರೆ ಅಥವಾ ಯಾರಾದರೂ ಓದಿ ಹೇಳಿದರೆ, ಅವರ ಕೈ ಮುಂದೇನು ಮಾಡಬೇಕು? ಯಾವ ಪುಡಿ, ಎಷ್ಟು ನೀರು, ಎಷ್ಟು ಹೊತ್ತಿಗೊಮ್ಮೆ? ಆಸ್ಪತ್ರೆಗೆ ಓಡಬೇಕಾದ್ದು ಏನು ಕಂಡಾಗ? ಈ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಸುಳ್ಳು ಮೆಸೇಜು ಮನೆಮಾತಿನಲ್ಲಿ ಬರುತ್ತದೆ, ನಿಜ ಮಾತ್ರ ಕಚೇರಿಯ ಮಾತಿನಲ್ಲಿ ಬರುತ್ತದೆ. ಯಾವುದು ಹೆಚ್ಚು ಓಡುತ್ತದೆ ಎಂದು ಹೇಳಬೇಕಾಗಿಲ್ಲ.

ಈ ಎರಡನೇ ಮೆಸೇಜನ್ನು ಒಂದೊಂದೇ ಪದ ಹಿಡಿದು ಬಿಡಿಸಿ, ಮತ್ತೆ ಬರೆಯೋಣ. ಕಷ್ಟದ ಪದ ತೆಗೆದು ಸುಲಭದ ಪದ ಹಾಕಿದರೆ ಕೆಲಸ ಮುಗಿಯಿತು ಎಂದು ಅನಿಸಬಹುದು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ.

ಮೊದಲು, ಮೆಸೇಜು ಹೇಳಬೇಕಾದ ವಿಷಯ ಏನು?

ಭೇದಿಯಾದ ಮಗುವಿಗೆ ಅಪಾಯ ಬರುವುದು ಮೈಯಲ್ಲಿನ ನೀರು ಮತ್ತು ಉಪ್ಪಿನಂಶ ಹೊರಗೆ ಹೋಗುವುದರಿಂದ. ಓಆರ್‌ಎಸ್ ಪುಡಿಯಲ್ಲಿ ಗ್ಲೂಕೋಸ್ ಮತ್ತು ಕೆಲವು ಉಪ್ಪುಗಳು ಗೊತ್ತಾದ ಅಳತೆಯಲ್ಲಿ ಇರುತ್ತವೆ. ಭೇದಿ ನಡೆಯುತ್ತಿರುವಾಗಲೂ ಸಣ್ಣ ಕರುಳು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತದೆ. ಗ್ಲೂಕೋಸಿನ ಜೊತೆ ಉಪ್ಪು, ಉಪ್ಪಿನ ಹಿಂದೆ ನೀರು ರಕ್ತಕ್ಕೆ ಸೇರುತ್ತದೆ. ಹಾಗಾಗಿ ಓಆರ್‌ಎಸ್ ಕುಡಿಸಿದ ಕೂಡಲೇ ಭೇದಿ ನಿಲ್ಲುವುದಿಲ್ಲ, ಆದರೆ ಹೋದ ನೀರು ಮೈಗೆ ವಾಪಸ್ ಬರುತ್ತದೆ. “ಓಆರ್‌ಎಸ್ ಕೊಟ್ಟರೂ ಭೇದಿ ನಿಲ್ಲಲಿಲ್ಲ, ಇದು ಕೆಲಸ ಮಾಡಲ್ಲ” ಎಂದು ಅರ್ಧಕ್ಕೇ ಬಿಡುವವರಿಗೆ ಈ ಮಾತು ಗೊತ್ತಿರಬೇಕು.

ಇಲ್ಲಿ ಅಳತೆಯೇ ಮುಖ್ಯ. ದೊಡ್ಡ ಪ್ಯಾಕೆಟ್, ಅಂದರೆ ಸುಮಾರು 21 ಗ್ರಾಂನದು, 1 ಲೀಟರ್ ನೀರಿಗೆ. ಸುಮಾರು 4 ಗ್ರಾಂನ ಸಣ್ಣ ಪ್ಯಾಕೆಟ್‌ಗಳೂ ಬರುತ್ತವೆ, ಅವು 200 ಮಿಲಿ ಲೀಟರ್ ನೀರಿಗೆ. ದೊಡ್ಡ ಪ್ಯಾಕೆಟನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ತೊಂದರೆಯಾಗುತ್ತದೆ. ನೀರು ಹೆಚ್ಚಾದರೆ ಮಗುವಿಗೆ ಬೇಕಾದಷ್ಟು ಉಪ್ಪಿನಂಶ ಸಿಗುವುದಿಲ್ಲ.

ಪದಕ್ಕೆ ಪದ ಬದಲಿಸಿದರೆ ಏನಾಗುತ್ತದೆ?

ಈಗ ಮೊದಲ ಪ್ರಯತ್ನ. ಅತಿಸಾರ ತೆಗೆದು ಭೇದಿ, ಜಲ ತೆಗೆದು ನೀರು, ನೇತ್ರ ತೆಗೆದು ಕಣ್ಣು, ಸ್ತನ್ಯಪಾನ ತೆಗೆದು ಎದೆಹಾಲು ಎಂದು ಹಾಕುತ್ತಾ ಹೋಗೋಣ. ಮೊದಲ ವಾಕ್ಯ ಹೀಗಾಗುತ್ತದೆ:

“ಭೇದಿಯಿಂದ ಬಳಲುತ್ತಿರುವ ಮಕ್ಕಳಲ್ಲಿ ನೀರಿಲ್ಲದಂತಾಗುವುದನ್ನು ತಡೆಯುವ ಸಲುವಾಗಿ ಬಾಯಿಯ ಮೂಲಕ ನೀರು ತುಂಬಿಸುವ ಉಪ್ಪನ್ನು ಶುದ್ಧ ನೀರಿನ ಜೊತೆ ಸರಿಯಾದ ಅಳತೆಯಲ್ಲಿ ಬೆರೆಸಿ ಆಗಾಗ ಕುಡಿಯಲು ಕೊಡಬೇಕು.”

ಪದಗಳೆಲ್ಲ ಸುಲಭ. ಆದರೂ ವಾಕ್ಯ ತಲೆಗೆ ಹೋಗುವುದಿಲ್ಲ. ಜೊತೆಗೆ ಒಂದು ಹೊಸ ಅಪಾಯ ಸೇರಿಕೊಂಡಿದೆ. “ನೀರು ತುಂಬಿಸುವ ಉಪ್ಪು” ಎಂದು ಓದಿದವರು ಅಡುಗೆ ಉಪ್ಪನ್ನೇ ಕದಡಿ ಕುಡಿಸಬಹುದು. ‘ಲವಣ’ಕ್ಕೆ ನಿಘಂಟಿನಲ್ಲಿ ‘ಉಪ್ಪು’ ಎಂದಿದೆ ನಿಜ, ಆದರೆ ಈ ಮೆಸೇಜಿನಲ್ಲಿ ಆ ಅರ್ಥ ಸರಿಹೊಂದುವುದಿಲ್ಲ. ಅಂಗಡಿಗೆ ಹೋಗಿ ಕೇಳುವಾಗ ಜನ ಏನೆನ್ನುತ್ತಾರೆ? “ಒಂದು ಓಆರ್‌ಎಸ್ ಪ್ಯಾಕೆಟ್ ಕೊಡಿ” ಅನ್ನುತ್ತಾರೆ. ಪ್ಯಾಕೆಟ್ ಮೇಲೆ ಅಚ್ಚಾಗಿರುವುದೂ ಅದೇ. ಹಾಗಾದರೆ ನಮ್ಮ ಮೆಸೇಜಿನಲ್ಲಿ ಇರಬೇಕಾದ್ದು “ಓಆರ್‌ಎಸ್ ಪ್ಯಾಕೆಟ್”.

‘ಮೌಖಿಕ’ ಎಂಬ ಪದದಲ್ಲಿ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಮೌಖಿಕ ಎಂದರೆ ಬಾಯಿಮಾತಿನದು. ಮೌಖಿಕ ಪರೀಕ್ಷೆ, ಮೌಖಿಕ ಆದೇಶ ಎಂದೇ ನಾವು ಕೇಳಿರುವುದು. ಬಾಯಿಂದ ಕುಡಿಯುವುದಕ್ಕೆ ಯಾರೂ ಆ ಪದ ಬಳಸುವುದಿಲ್ಲ. ಇಂಗ್ಲಿಷ್ ಪದವೊಂದನ್ನು ನಿಘಂಟು ನೋಡಿ ಕನ್ನಡಕ್ಕೆ ತಂದಾಗ ಹೀಗಾಗುತ್ತದೆ. “ಕುಡಿಸಿ” ಎಂದರೆ ಸಾಕು, ಬಾಯಿಂದ ಎಂದು ಬೇರೆ ಹೇಳಬೇಕಾಗಿಲ್ಲ.

ದೊಡ್ಡ ಪದದ ಹಿಂದೆ ಅಳತೆ ಮರೆಯಾಗಿರುತ್ತದೆ

ಮಾದರಿಯಲ್ಲಿ ‘ಸೂಕ್ತ ಪ್ರಮಾಣ’ ಎಂದಿತ್ತು. ಮೊದಲ ಪ್ರಯತ್ನದಲ್ಲಿ ಅದು ‘ಸರಿಯಾದ ಅಳತೆ’ ಆಯಿತು. ಈಗ ಯಾರಾದರೂ “ಸರಿಯಾದ ಅಳತೆ ಅಂದ್ರೆ ಎಷ್ಟು?” ಎಂದು ಕೇಳಿಯೇ ಕೇಳುತ್ತಾರೆ. ‘ಸೂಕ್ತ ಪ್ರಮಾಣ’ ಎಂದಿದ್ದಾಗ ಯಾರೂ ಕೇಳಿರಲಿಲ್ಲ, ಏಕೆಂದರೆ ಆ ಪದ ತುಂಬಿದ ಕೊಡದಂತೆ ಕಾಣುತ್ತದೆ. ಬಗ್ಗಿಸಿದಾಗಲೇ ಒಳಗೆ ಏನೂ ಇಲ್ಲವೆಂದು ತಿಳಿಯುವುದು.

ಬರೆದವರಿಗೇ ಗೊತ್ತಿಲ್ಲದ ಅಥವಾ ಅವರು ಬಿಟ್ಟುಬಿಟ್ಟ ವಿಷಯ ಇಂಥ ಪದಗಳ ಹಿಂದೆ ಕೂತಿರುತ್ತದೆ. ಈ ಮೆಸೇಜಿನಲ್ಲೇ ಇಂಥವು ನಾಲ್ಕಿವೆ: ‘ಸೂಕ್ತ ಪ್ರಮಾಣ’, ‘ಶುದ್ಧೀಕರಿಸಿದ ಜಲ’, ‘ಆಗಾಗ್ಗೆ’, ‘ಅವಿಳಂಬವಾಗಿ’. ಇವಕ್ಕೆ ಸುಲಭದ ಸಮಾನ ಪದ ಹುಡುಕಿ ಪ್ರಯೋಜನವಿಲ್ಲ, ಉತ್ತರವನ್ನೇ ಹುಡುಕಬೇಕು.

ಸೂಕ್ತ ಪ್ರಮಾಣ ಎಂದರೆ ದೊಡ್ಡ ಪ್ಯಾಕೆಟ್ ಪೂರ್ತಿ, 1 ಲೀಟರ್ ನೀರಿಗೆ. ಲೋಟ ಅಥವಾ ಚೊಂಬಿನ ಲೆಕ್ಕ ಹೇಳಿದರೆ ಒಂದೊಂದು ಮನೆಯ ಲೋಟ ಒಂದೊಂದು ಗಾತ್ರ. ಆದರೆ 1 ಲೀಟರ್ ನೀರಿನ ಬಾಟಲಿ ಎಲ್ಲ ಊರಿನ ಎಲ್ಲ ಅಂಗಡಿಯಲ್ಲೂ ಒಂದೇ. ಅದೇ ಎಲ್ಲರಿಗೂ ಸಿಗುವ ಅಳತೆಪಾತ್ರೆ.

ಶುದ್ಧೀಕರಿಸಿದ ಜಲ ಎಂದರೆ ಮನೆಯಲ್ಲಿ ಮಾಡಬಹುದಾದ್ದು ಕುದಿಸಿ ಆರಿಸಿದ ನೀರು. ‘ಶುದ್ಧ ನೀರು’ ಎಂದಷ್ಟೇ ಬರೆದರೆ ಕಣ್ಣಿಗೆ ತಿಳಿಯಾಗಿ ಕಾಣುವ ನಲ್ಲಿ ನೀರೂ ಶುದ್ಧವೇ ಎಂದುಕೊಳ್ಳುತ್ತಾರೆ.

ಆಗಾಗ್ಗೆ ಎಂದರೆ ಪ್ರತಿ ಸಲ ಭೇದಿಯಾದ ಮೇಲೆ. 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ ಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ ಲೀಟರ್. ವಾಂತಿ ಮಾಡಿಕೊಂಡರೆ 10 ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಇನ್ನು ‘ಅವಿಳಂಬವಾಗಿ’ ಎಂಬುದು “ರಾತ್ರಿಯಾದರೂ ಬೆಳಗಾಗಲಿ ಅಂತ ಕಾಯಬೇಡಿ” ಎಂದು ಬರೆದಾಗ ಮನಸ್ಸಿಗೆ ನಾಟುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಖಾಲಿ ಜಾಗ ಕಂಡಾಗ ಅದನ್ನು ಅಂದಾಜಿನಿಂದ ತುಂಬಬಾರದು. ಮೂಲದಲ್ಲಿ ಅಳತೆ ಇಲ್ಲದಿದ್ದರೆ ಪ್ಯಾಕೆಟ್ ಮೇಲೆ ನೋಡಿ, ಡಾಕ್ಟರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ ಬರೆಯಬೇಕು. ಸುಲಭ ಕನ್ನಡದಲ್ಲಿ ಬರೆದ ತಪ್ಪು ಅಳತೆ, ಕಷ್ಟದ ಕನ್ನಡದಲ್ಲಿ ಬರೆದ ಖಾಲಿ ಮಾತಿಗಿಂತ ಹೆಚ್ಚು ಅಪಾಯ, ಏಕೆಂದರೆ ಜನ ಅದನ್ನು ಹಾಗೇ ಮಾಡುತ್ತಾರೆ.

ಲಕ್ಷಣದ ಹೆಸರು ಬಿಡಿ, ಕಣ್ಣಿಗೆ ಕಾಣುವುದನ್ನು ಹೇಳಿ

‘ಆಲಸ್ಯ’ ಎಂಬ ಪದ ನೋಡಿ. ಮಗು ಮಂಕಾಗಿ, ಕರೆದರೂ ಸ್ಪಂದಿಸದೆ ಬಿದ್ದಿರುವುದಕ್ಕೆ ಡಾಕ್ಟರುಗಳು ಬಳಸುವ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿ ಆಲಸ್ಯ ಎಂಬ ಅರ್ಥವೂ ಸಿಗುತ್ತದೆ. ಆದರೆ ಕನ್ನಡದಲ್ಲಿ ಆಲಸ್ಯ ಎಂದರೆ ಸೋಮಾರಿತನ. ಸೋಮಾರಿಯಾದ ಮಗುವನ್ನು ಯಾರೂ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿಲ್ಲ.

ಹಾಗಾದರೆ ‘ಸುಸ್ತು’ ಎನ್ನಬಹುದೇ? ಆ ಪದ ಎಲ್ಲರ ಬಾಯಲ್ಲೂ ಇದೆ, ತೊಂದರೆ ಇರುವುದೂ ಅಲ್ಲೇ. ಬಸ್ಸಿನಲ್ಲಿ ಬಂದರೂ ಸುಸ್ತು, ಬಿಸಿಲಿಗೆ ಹೋದರೂ ಸುಸ್ತು, ಭೇದಿಯಾದರಂತೂ ಸುಸ್ತು ಇದ್ದದ್ದೇ. ಅಷ್ಟು ಅಗಲವಾದ ಪದವನ್ನು ಅಪಾಯದ ಗುರುತಾಗಿ ಕೊಟ್ಟರೆ ಕೆಲವರು ಸುಮ್ಮಸುಮ್ಮನೆ ಹೆದರುತ್ತಾರೆ, ಉಳಿದವರು ಪೂರ್ತಿ ಕಡೆಗಣಿಸುತ್ತಾರೆ. ಇಂಥ ಕಡೆ ಒಂದು ಪದಕ್ಕೆ ಇನ್ನೊಂದು ಪದ ಹುಡುಕುವುದನ್ನೇ ಬಿಟ್ಟು, ತಾಯಿ ಕಣ್ಣಾರೆ ನೋಡುವುದನ್ನು ಬರೆಯಬೇಕು: “ಎಬ್ಬಿಸಿದರೂ ಮಗು ಸರಿಯಾಗಿ ಕಣ್ಣು ಬಿಡುವುದಿಲ್ಲ, ಕುಡಿಸಿದರೂ ಕುಡಿಯುವುದಿಲ್ಲ.”

‘ಚರ್ಮದ ಸ್ಥಿತಿಸ್ಥಾಪಕತ್ವದಲ್ಲಿ ಕುಸಿತ’ವೂ ಹೀಗೆಯೇ. ಸ್ಥಿತಿಸ್ಥಾಪಕತ್ವ ಶಾಲೆಯ ವಿಜ್ಞಾನ ಪುಸ್ತಕದ ಪದ. ಅದರ ಬದಲು ‘ಹಿಗ್ಗುವ ಗುಣ’ ಎಂದರೂ ಯಾರಿಗೂ ಏನೂ ಕಾಣುವುದಿಲ್ಲ. ಡಾಕ್ಟರು ಮಾಡುವುದನ್ನೇ ಹೇಳಿಬಿಡಿ: “ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಚಿವುಟಿ ಬಿಡಿ. ಎದ್ದ ಮಡಿಕೆ ಕೂಡಲೇ ಇಳಿಯಬೇಕು. ನಿಧಾನವಾಗಿ ಇಳಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ.” ಪದಗಳ ಎಣಿಕೆ ಹೆಚ್ಚಾಯಿತು, ಹೆಚ್ಚಾಗಲಿ. ಮೂರು ಕಷ್ಟದ ಪದಗಳಿಗಿಂತ ಮೂರು ಸಣ್ಣ ವಾಕ್ಯಗಳನ್ನು ಓದುವುದು ಬೇಗ.

ಇದರಿಂದ ‘ನಿರ್ಜಲೀಕರಣ’ಕ್ಕೂ ದಾರಿ ಸಿಕ್ಕಿತು. ಅದಕ್ಕೆ ಒಂದೇ ಪದ ಬೇಕಾಗಿಲ್ಲ. “ಮೈಯಲ್ಲಿ ನೀರು ಕಡಿಮೆಯಾಗುವುದು” ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಸುಲಭದ ಪದ ಎಂದರೆ ಒರಟು ಪದವಲ್ಲ, ಅಚ್ಚಗನ್ನಡವೂ ಅಲ್ಲ

‘ಮೂತ್ರ ವಿಸರ್ಜನೆಯಲ್ಲಿ ಇಳಿಮುಖ’ವನ್ನು ಹೇಗೆ ಬರೆಯುವುದು? ಮನೆಯಲ್ಲಿ ಮಗುವಿನ ಬಗ್ಗೆ ಮಾತಾಡುವಾಗ ಬೇರೆ ಪದಗಳಿವೆ. ಅವನ್ನು ಬರೆದರೆ ಅರ್ಥವೇನೋ ಆಗುತ್ತದೆ, ಆದರೆ ಮಾವ, ಭಾವ, ಬೀಗರೆಲ್ಲ ಇರುವ ಫ್ಯಾಮಿಲಿ ಗ್ರೂಪಿಗೆ ಅದನ್ನು ಹಾಕಲು ಎಷ್ಟೋ ಜನ ಮುಜುಗರಪಡುತ್ತಾರೆ. ಕಳಿಸಲು ಮುಜುಗರವಾಗುವ ಮೆಸೇಜು ಮುಂದೆ ಹೋಗುವುದಿಲ್ಲ. ‘ಮೂತ್ರ’ ಸಂಸ್ಕೃತದ ಪದವೇ, ಆದರೆ ಆಸ್ಪತ್ರೆಯಲ್ಲಿ, ಲ್ಯಾಬಿನಲ್ಲಿ ಕೇಳಿ ಕೇಳಿ ಎಲ್ಲರಿಗೂ ಗೊತ್ತು. ತೊಡಕಾಗಿದ್ದದ್ದು ‘ವಿಸರ್ಜನೆ’ ಮತ್ತು ‘ಇಳಿಮುಖ’. “6 ಗಂಟೆಯಾದರೂ ಮಗುವಿಗೆ ಮೂತ್ರ ಬಂದಿಲ್ಲ” ಎಂದರೆ ಮರ್ಯಾದೆಯೂ ಉಳಿಯಿತು, ಅರ್ಥವೂ ಆಯಿತು.

ಬರವಣಿಗೆಯ ಕನ್ನಡದಲ್ಲಿ ಸಂಸ್ಕೃತ ಪದಗಳ ಭಾರ ಹೆಚ್ಚಾಗಿದೆ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಬಹಳ ಕಾಲ ವಾದಿಸಿದರು, ಕನ್ನಡದ್ದೇ ಪದಗಳನ್ನು ಕಟ್ಟುವ ದಾರಿಯನ್ನೂ ತೋರಿಸಿದರು. ಆ ಚರ್ಚೆ ದೊಡ್ಡದು. ಆರೋಗ್ಯದ ಮೆಸೇಜಿಗೆ ಬೇಕಾಗುವ ಅಳತೆಗೋಲು ಅದಕ್ಕಿಂತ ಚಿಕ್ಕದು: ಓದುವವರು ಈ ಪದವನ್ನು ಫೋನಿನಲ್ಲಿ ಮಾತಾಡುವಾಗ ಬಳಸುತ್ತಾರೋ ಇಲ್ಲವೋ? ಬಳಸುವುದಾದರೆ ಅದು ಸಂಸ್ಕೃತದ ‘ವಾಂತಿ’ ಆಗಿರಲಿ, ಇಂಗ್ಲಿಷಿನ ‘ಪ್ಯಾಕೆಟ್’ ಆಗಿರಲಿ, ಉಳಿಯಲಿ. ಬಳಸದಿದ್ದರೆ ಹೊಸದಾಗಿ ಕಟ್ಟಿದ ಅಚ್ಚಗನ್ನಡ ಪದವೂ ಆ ಅಜ್ಜಿಗೆ ‘ನಿರ್ಜಲೀಕರಣ’ದಷ್ಟೇ ಹೊಸದು.

ಈ ಪ್ರಶ್ನೆಗೆ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಎನ್ನುವುದನ್ನು ಮೈಸೂರಿನವರು ಪುರಿ ಎನ್ನುತ್ತಾರೆ, ಧಾರವಾಡದ ಕಡೆ ಚುರುಮುರಿ ಎನ್ನುತ್ತಾರೆ. ಹರಿಹರದಲ್ಲಿ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿನ ಮಾತಿನಲ್ಲಿ ‘ಹುಷಾರಿಲ್ಲ’ ಎನ್ನುವಷ್ಟೇ ಸಹಜವಾಗಿ ‘ಆರಾಮಿಲ್ಲ’ ಎಂಬುದೂ ಬರುತ್ತದೆ. ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಮಾತಾಡಿ ಕನ್ನಡವನ್ನು ಶಾಲೆ, ಸಂತೆ, ಕೆಲಸದ ಜಾಗದಲ್ಲಿ ಕಲಿತವರೂ ಈ ಭಾಗದಲ್ಲಿ ಬಹಳ ಜನ. ಅವರ ಕಿವಿಗೆ ಬಿದ್ದಿರುವುದು ಬೀದಿಯ ಕನ್ನಡ, ಪ್ರಕಟಣೆಯ ಕನ್ನಡವಲ್ಲ. ಹಾಗಾಗಿ ಒಂದೇ ಊರಿಗೆ ಕಳಿಸುವುದಾದರೆ ಆ ಊರಿನ ಪದ ಹಾಕಿ. ಎಲ್ಲ ಕಡೆ ಹೋಗುವ ಮೆಸೇಜಾದರೆ “ಭೇದಿ (ಲೂಸ್ ಮೋಷನ್)” ಎಂಬಂತೆ ಎರಡು ಪದ ಒಟ್ಟಿಗೆ ಹಾಕುವುದರಲ್ಲಿ ತಪ್ಪಿಲ್ಲ.

ಜನರ ಪದ ನಮ್ಮ ಅರ್ಥವನ್ನು ಪೂರ್ತಿ ಹೊರುತ್ತದೆಯೇ?

ಎಲ್ಲಕ್ಕಿಂತ ಸೂಕ್ಷ್ಮವಾದ ಜಾಗ ಇದು. ಇದಕ್ಕೆ ಒಳ್ಳೆಯ ಪಾಠ ಸಿಗುವುದು ಬಾಂಗ್ಲಾದೇಶದಲ್ಲಿ.

ಅಲ್ಲಿನ ಬ್ರ್ಯಾಕ್ ಎಂಬ ಸಂಸ್ಥೆ 1980ರಿಂದ 1990ರವರೆಗೆ ಹಳ್ಳಿ ಹಳ್ಳಿಗೆ ಹೋಗಿ, 1.2 ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ಭೇದಿಯಾದಾಗ ಮನೆಯಲ್ಲೇ ಉಪ್ಪು-ಬೆಲ್ಲದ ನೀರು ಮಾಡುವುದನ್ನು ಕಲಿಸಿತು. ಗ್ರಾಂ, ಮಿಲಿ ಲೀಟರ್ ಯಾವುದೂ ಇಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಮಾತು ತಾಯಂದಿರದ್ದೇ, ಅಳತೆಯೂ ಅವರ ಕೈಯದ್ದೇ. (ಈಗ ಪ್ಯಾಕೆಟ್ ಸುಲಭವಾಗಿ ಸಿಗುವುದರಿಂದ ಅದನ್ನೇ ಬಳಸಿ. ಕೈ ಅಳತೆಯಲ್ಲಿ ಹೆಚ್ಚುಕಮ್ಮಿ ಆಗುತ್ತದೆ.)

ತಾಯಂದಿರು ಚೆನ್ನಾಗಿಯೇ ಕಲಿತರು. ಆದರೆ ಮನೆಯಲ್ಲಿ ಭೇದಿಯಾದಾಗ ಎಷ್ಟೋ ಸಲ ಆ ನೀರು ಮಾಡಿ ಕೊಡುತ್ತಿರಲಿಲ್ಲ. ವಿಚಾರಿಸಿದಾಗ ಕಾರಣ ಪದದಲ್ಲಿ ಸಿಕ್ಕಿತು. ಕಾರ್ಯಕರ್ತೆಯರು ‘ಡಯೇರಿಯಾ’ ಎನ್ನುತ್ತಿದ್ದರು. ಹಳ್ಳಿಯವರ ಮಾತಿನಲ್ಲಿ ಆ ಪದಕ್ಕೆ ಕಾಲರಾದಂಥ ಜೋರು ಭೇದಿ ಎಂಬ ಅರ್ಥವಿತ್ತು. ಅಜೀರ್ಣದ ಭೇದಿ, ಆಮಶಂಕೆ, ಹಾಲು ಕುಡಿಯುವ ಮಗುವಿನ ಭೇದಿ ಇವಕ್ಕೆಲ್ಲ ಬೇರೆ ಬೇರೆ ಹೆಸರಿತ್ತು. ಕಲಿತ ಔಷಧಿ ಅವಕ್ಕಲ್ಲ ಎಂದುಕೊಂಡು ಅವರು ಸುಮ್ಮನಿದ್ದರು. ಪದ ಸುಲಭವಾಗಿಯೇ ಇತ್ತು, ಆದರೆ ಹೇಳುವವರ ಅರ್ಥ ಬೇರೆ, ಕೇಳುವವರ ಅರ್ಥ ಬೇರೆಯಾಗಿತ್ತು.

ನಮ್ಮಲ್ಲೂ ಹೀಗೆಯೇ. “ಹಲ್ಲು ಬರ್ತಾ ಇದೆ, ಅದಕ್ಕೆ ಹೀಗೆ”, “ಉಷ್ಣ ಆಗಿದೆ”, “ದೃಷ್ಟಿಯಾಗಿದೆ”, “ಹೊಟ್ಟೆ ಕೆಟ್ಟಿದೆ ಅಷ್ಟೇ” ಎಂಬ ಮಾತುಗಳನ್ನು ಯಾರು ಕೇಳಿಲ್ಲ? ಹೀಗೆ ಹೇಳುವ ಮನೆಯಲ್ಲಿ “ಭೇದಿಯಾದರೆ ಓಆರ್‌ಎಸ್ ಕೊಡಿ” ಎಂಬ ಮೆಸೇಜು ತಮಗಲ್ಲ ಎಂದೇ ಅನಿಸಬಹುದು. ಅದಕ್ಕೆ ಪದವನ್ನು ಬಿಡಿಸಬೇಕು: “ದಿನಕ್ಕೆ ಮೂರು ಸಲ ಅಥವಾ ಹೆಚ್ಚು ನೀರಾಗಿ ಹೋದರೆ, ಹಲ್ಲು ಬರುವ ಮಗುವಾದರೂ, ಉಷ್ಣ ಅನಿಸಿದರೂ.” ಈ ಕೊನೆಯ ಎರಡು ಮಾತು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಆದರೆ ಮೆಸೇಜು ಕೆಲಸ ಮಾಡುವುದು ಅವುಗಳಿಂದ.

‘ಓಆರ್‌ಎಸ್’ ಎಂಬ ಪದದಲ್ಲೂ ಇದೇ ತೊಂದರೆ ಬೇರೆ ರೀತಿಯಲ್ಲಿ ಬಂದಿತ್ತು. ಹಣ್ಣಿನ ರುಚಿಯ, ಸಕ್ಕರೆ ಹೆಚ್ಚಿರುವ ಕೆಲವು ರೆಡಿಮೇಡ್ ಪಾನೀಯಗಳ ಡಬ್ಬಿಯ ಮೇಲೂ ಆ ಮೂರು ಅಕ್ಷರ ಇರುತ್ತಿದ್ದವು. ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ಆದರೂ ಜನರ ಬಾಯಲ್ಲಿ ಆ ಬಳಕೆ ಇನ್ನೂ ಇರಬಹುದು. ಆದ್ದರಿಂದ “ನೀರಿಗೆ ಬೆರೆಸುವ ಪುಡಿ ಪ್ಯಾಕೆಟ್, ಜ್ಯೂಸ್ ಡಬ್ಬಿ ಅಲ್ಲ” ಎಂದು ಒಂದು ಮಾತು ಸೇರಿಸುವುದು ಒಳ್ಳೆಯದು.

ಅರ್ಥವಾಗಿದೆಯೋ ಇಲ್ಲವೋ, ತಿಳಿಯುವುದು ಹೇಗೆ?

“ಅರ್ಥ ಆಯ್ತಾ?” ಎಂದು ಕೇಳಬೇಡಿ. ಎಲ್ಲರೂ “ಹೂಂ” ಎನ್ನುತ್ತಾರೆ. ಬ್ರ್ಯಾಕ್ ಹಾಗೆ ಕೇಳಲಿಲ್ಲ. ಕಲಿಸಿ ಕೆಲವು ವಾರಗಳಾದ ಮೇಲೆ ಬೇರೆಯವರನ್ನು ಕಳಿಸಿ, ತಾಯಿಯ ಬಾಯಿಂದಲೇ ಹೇಳಿಸಿ ನೋಡಿತು. ತಾಯಿಗೆ ಎಷ್ಟು ನೆನಪಿದೆ ಎಂಬುದರ ಮೇಲೆ ಕಲಿಸಿದವರ ಸಂಬಳ ನಿಂತಿತ್ತು. ತಾಯಿಗೆ ತಿಳಿಯದಿದ್ದರೆ ಅದು ಕಲಿಸಿದವರ ಲೆಕ್ಕಕ್ಕೆ.

ನೀವು ಬರೆದ ಮೆಸೇಜನ್ನೂ ಹೀಗೆ ನೋಡಬಹುದು. ಮನೆಯಲ್ಲಿ ಅಥವಾ ಅಕ್ಕಪಕ್ಕದಲ್ಲಿ ಈ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಫೋನ್ ವಾಪಸ್ ತೆಗೆದುಕೊಂಡು, “ಅಕ್ಕ, ಈಗ ನಿಮ್ಮ ಪಾಪುಗೆ ಭೇದಿ ಆಗ್ತಿದೆ ಅಂತ ಇಟ್ಕೊಳ್ಳಿ, ಮೊದಲು ಏನು ಮಾಡ್ತೀರಿ?” ಎಂದು ಕೇಳಿ. “ಪ್ಯಾಕೆಟ್ ಒಡೆದು ಒಂದು ಲೋಟ ನೀರಿಗೆ ಹಾಕ್ತೀನಿ” ಎಂದರೆ ತಪ್ಪು ಅವರದ್ದಲ್ಲ, ನಿಮ್ಮ ಮೆಸೇಜಿನದ್ದು. ಅವರನ್ನು ತಿದ್ದುವ ಬದಲು ಮೆಸೇಜು ತಿದ್ದಿ, ಇನ್ನೊಬ್ಬರಿಗೆ ಕೊಡಿ. ಅವರು ತಮ್ಮ ಬಾಯಲ್ಲಿ ಹೇಳುವಾಗ ನೀವು ಬರೆದ ಪದ ಬಿಟ್ಟು ಬೇರೆ ಪದ ಬಳಸಿದರೆ ಅದನ್ನು ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗಿದ್ದ ಪದ ಬಹಳ ಸಲ ಅದೇ ಆಗಿರುತ್ತದೆ.

ಬಿಡಿಸಿ ಬರೆದ ಮೆಸೇಜು

ಮೇಲಿನದನ್ನೆಲ್ಲ ಸೇರಿಸಿದರೆ ನಮ್ಮ ಮಾದರಿ ಹೀಗಾಗುತ್ತದೆ. ಇದನ್ನು ಹೀಗೇ ಫಾರ್ವರ್ಡ್ ಮಾಡಬಹುದು:

“ಮಗುವಿಗೆ ದಿನಕ್ಕೆ ಮೂರು ಸಲ ಅಥವಾ ಹೆಚ್ಚು ನೀರು ನೀರಾಗಿ ಭೇದಿ (ಲೂಸ್ ಮೋಷನ್) ಆಗುತ್ತಿದೆಯೇ? ಹಲ್ಲು ಬರುವ ಮಗುವಾದರೂ, ಉಷ್ಣ ಅನಿಸಿದರೂ ಹೀಗೆ ಮಾಡಿ.

1. ಮೆಡಿಕಲ್ ಶಾಪಿನಿಂದ ಅಥವಾ ಆಶಾ ಕಾರ್ಯಕರ್ತೆಯಿಂದ ಓಆರ್‌ಎಸ್ ಪುಡಿ ಪ್ಯಾಕೆಟ್ ತನ್ನಿ. ಜ್ಯೂಸ್ ಡಬ್ಬಿ ಅಲ್ಲ.

2. ಕುದಿಸಿ ಆರಿಸಿದ ನೀರನ್ನು 1 ಲೀಟರ್ ಬಾಟಲಿಯಲ್ಲಿ ಅಳೆದು, ದೊಡ್ಡ ಪ್ಯಾಕೆಟ್ ಪೂರ್ತಿ ಹಾಕಿ ಕಲಸಿ. ಸಣ್ಣ ಪ್ಯಾಕೆಟ್ ಆದರೆ ಅದರ ಮೇಲೆ ಬರೆದಷ್ಟೇ ನೀರು. ಸಕ್ಕರೆ, ಉಪ್ಪು ಬೇರೆ ಸೇರಿಸಬೇಡಿ.

3. ಪ್ರತಿ ಸಲ ಭೇದಿಯಾದ ಮೇಲೆ ಕುಡಿಸಿ. 2 ವರ್ಷದೊಳಗಿನ ಮಗುವಿಗೆ 50ರಿಂದ 100 ಎಂಎಲ್, ದೊಡ್ಡ ಮಕ್ಕಳಿಗೆ 100ರಿಂದ 200 ಎಂಎಲ್. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ.

4. ಕಲಸಿದ್ದು 24 ಗಂಟೆಯ ಮೇಲೆ ಉಳಿದರೆ ಚೆಲ್ಲಿ, ಹೊಸದು ಮಾಡಿ.

5. ಎದೆಹಾಲು ನಿಲ್ಲಿಸಬೇಡಿ. ಊಟ ಮಾಡುವ ಮಗುವಿಗೆ ಗಂಜಿ, ಮೊಸರನ್ನ, ಬಾಳೆಹಣ್ಣು ಕೊಡಿ. ಜಿಂಕ್ ಮಾತ್ರೆ ಎಷ್ಟು, ಹೇಗೆ ಎಂದು ಆಶಾ ಅಥವಾ ಡಾಕ್ಟರನ್ನು ಕೇಳಿ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ.

ಕೂಡಲೇ ಆಸ್ಪತ್ರೆಗೆ ಹೋಗಿ: ಎಬ್ಬಿಸಿದರೂ ಮಗು ಸರಿಯಾಗಿ ಕಣ್ಣು ಬಿಡದಿದ್ದರೆ, ಏನೂ ಕುಡಿಯದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿದರೆ, 6 ಗಂಟೆಯಾದರೂ ಮೂತ್ರ ಬರದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ. ಮಗು 2 ತಿಂಗಳಿಗಿಂತ ಚಿಕ್ಕದಾದರೆ ಇದ್ಯಾವುದನ್ನೂ ಕಾಯದೆ ಹೋಗಿ. ರಾತ್ರಿಯಾದರೂ ಬೆಳಗಾಗಲಿ ಅಂತ ಕಾಯಬೇಡಿ. ಮಗು ಎಚ್ಚರವಾಗಿದ್ದು ಕುಡಿಯುತ್ತಿದ್ದರೆ ದಾರಿಯಲ್ಲೂ ಓಆರ್‌ಎಸ್ ಕುಡಿಸುತ್ತಿರಿ.”

ಇದು ಮೊದಲಿನ ಮಾದರಿಗಿಂತ ಉದ್ದವಾಗಿದೆ. ಸುಲಭ ಮಾಡುವುದು ಎಂದರೆ ಯಾವಾಗಲೂ ಚಿಕ್ಕದು ಮಾಡುವುದಲ್ಲ. ನಿಮ್ಮ ಊರಿನ ಮಾತಿಗೆ ತಕ್ಕಂತೆ ಪದಗಳನ್ನು ಬದಲಿಸಿಕೊಳ್ಳಿ, ಅಂಕಿಗಳನ್ನು ಮಾತ್ರ ಮುಟ್ಟಬೇಡಿ. ಓದಲು ಬಾರದವರು ಮನೆಯಲ್ಲಿದ್ದರೆ ಇದನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿ. ಗಟ್ಟಿಯಾಗಿ ಓದುವಾಗ ನಿಮ್ಮ ನಾಲಿಗೆ ಎಲ್ಲಿ ತಡವರಿಸುತ್ತದೋ, ಆ ಪದವನ್ನು ಇನ್ನೊಮ್ಮೆ ನೋಡಿ.